ಬಾಣಂತನದ ಎರಡು ತಿಂಗಳು

ಎಂಬಿಬಿಎಸ್ ಎರಡನೇ ವರ್ಷದಲ್ಲಿ ಮೊದಲ ಬಾರಿಗೆ ವಾರ್ಡ್ ಪೋಸ್ಟಿಂಗ್ ಬಂದಾಗ, ಹೆಸರು, ವಯಸ್ಸು, ವೃತ್ತಿ ಎಂದು ಆರಂಭವಾಗಿ ಮನೆಮಂದಿಯ ಕಾಯಿಲೆಗಳವರೆಗೆ ಸಾಗುವ ಕೇಸ್ ಶೀಟಿನ ಕ್ರಮವನ್ನು ನಾನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿಕೊಂಡಿದ್ದೆ. ಚಿಕ್ಕಬಳ್ಳಾಪುರದ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನನ್ನ ಪಾಲಿಗೆ ಬಂದ ರೋಗಿ ಶಿಡ್ಲಘಟ್ಟದ ಮುನಿರತ್ನಮ್ಮ. ವಯಸ್ಸು 46. ಎರಡು ವರ್ಷದಿಂದ ಕೆಮ್ಮು, ದಮ್ಮು. ಕ್ಷಯವಿರಬಹುದೆಂದು ಎರಡು ಸಲ ಕಫದ ಪರೀಕ್ಷೆಯಾಗಿತ್ತು, ಎರಡು ಸಲವೂ ಏನೂ ಸಿಕ್ಕಿರಲಿಲ್ಲ.

"ಏನು ಕೆಲಸ ಮಾಡ್ತೀರಮ್ಮ?" ಎಂದೆ.

"ಮನೇಲೇ ಇರೋದು ಕಣಮ್ಮ."

"ಗೃಹಿಣಿ" ಎಂದು ಬರೆದುಕೊಂಡು ಮುಂದಿನ ಸಾಲಿಗೆ ಹೋದೆ. ಕೆಮ್ಮು ಯಾವಾಗ ಹೆಚ್ಚು, ಕಫ ಬರುತ್ತದೆಯೇ, ಜ್ವರವಿದೆಯೇ ಎಂದು ಕೇಳುತ್ತಾ ಹೋದಂತೆ ಆಕೆಯೂ ಎಡೆಯೆಡೆಯಲ್ಲಿ ಉಸಿರು ಎಳೆದುಕೊಳ್ಳುತ್ತಾ ಉತ್ತರಿಸಿದರು. ಒಂದು ಹಂತದಲ್ಲಿ ತಾವಾಗಿಯೇ, "ಹೋದ ವರ್ಷ ಮಗಳ ಬಾಣಂತನಕ್ಕೆ ಅಂತ ಗೌರಿಬಿದನೂರಿಗೆ ಹೋಗಿದ್ದೆ ನೋಡಮ್ಮ, ಅಳಿಯನ ಮನೇಲೇ ಎರಡು ತಿಂಗಳು..." ಎಂದು ಶುರುಮಾಡಿದರು. ಗಡಿಯಾರ ನೋಡಿದೆ. ಪ್ರಾಧ್ಯಾಪಕರು ರೌಂಡ್ಸಿಗೆ ಬರಲು ಹದಿನೈದು ನಿಮಿಷವಿತ್ತು, ನನ್ನ ಹಾಳೆಯಲ್ಲಿ ಇನ್ನೂ ಅರ್ಧ ಖಾಲಿಯಿತ್ತು. "ಅದಿರಲಿ ಅಮ್ಮ, ಕೆಮ್ಮಿನ ವಿಷಯ ಹೇಳಿ" ಎಂದೆ. ಆಕೆ ಸುಮ್ಮನಾದರು. ಆ ಮೇಲೆ ಕೇಳಿದ್ದಕ್ಕಷ್ಟೇ ಹೌದು, ಇಲ್ಲ ಎಂದರು.

ಪ್ರಾಧ್ಯಾಪಕರು ಬಂದು ನಿಂತಾಗ ನಾನು ತಡವರಿಸದೆ ಕೇಸ್ ಒಪ್ಪಿಸಿದೆ. ಅವರು ಪೂರ್ತಿ ಕೇಳಿದರು, ಒಳ್ಳೆಯದು ಕೆಟ್ಟದ್ದು ಏನೂ ಅನ್ನಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ಮುನಿರತ್ನಮ್ಮನವರ ಎರಡೂ ಅಂಗೈಗಳನ್ನು ಬೆಳಕಿಗೆ ಹಿಡಿದರು. ನಾಡಿ ನೋಡುವಾಗ ನಾನು ಹಿಡಿದಿದ್ದ ಕೈಯೇ ಅದು. ಬೆರಳ ತುದಿಗಳ ಚರ್ಮ ಸುಲಿದು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಸಂದುಗಳಲ್ಲಿ ಸಣ್ಣ ಸಣ್ಣ ಬಿರುಕುಗಳಿದ್ದವು.

"ಬೆರಳು ಹೀಗ್ಯಾಕಾಯ್ತಮ್ಮ?"

"ಗೂಡು ಬೇಯಿಸೋ ನೀರು ಸಾರ್. ಎಳೆ ಹುಡುಕ್ಬೇಕಲ್ಲ, ದಿನಾ ಕೈ ಅದ್ರಲ್ಲೇ ಇರ್ತದೆ."

"ನೂಲು ಬಿಚ್ತೀರಾ?"

"ಮನೇಲೇ ಚರಕ ಹಾಕ್ಕೊಂಡಿದೀವಿ ಸಾರ್. ಹನ್ನೊಂದು ವರ್ಷ ಆಯ್ತು."

ಮನೇಲೇ ಇರೋದು ಎಂದು ಆಕೆ ನನಗೆ ಹೇಳಿದ್ದು ಸುಳ್ಳಾಗಿರಲಿಲ್ಲ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಬೆಳಿಗ್ಗೆ ಆರಕ್ಕೆ ಒಲೆ ಹಚ್ಚಿದರೆ ಸಂಜೆಯವರೆಗೂ ಹೊಗೆ ಮತ್ತು ಬೆಂದ ಹುಳುವಿನ ವಾಸನೆಯ ಆವಿ ಎದುರಿಗೇ ಏಳುತ್ತಿತ್ತು. ಕೇಳಿದವಳು ನಾನು, ಆ ಮನೆಯೊಳಗೆ ಏನಿದೆ ಎಂದು ಕೇಳಿರಲಿಲ್ಲ ಅಷ್ಟೆ.

"ಯಾವತ್ತಾದ್ರೂ ಈ ಕೆಮ್ಮು ಇಲ್ಲದೆ ಇದ್ದದ್ದುಂಟಾ?" ಎಂದರು ಪ್ರಾಧ್ಯಾಪಕರು.

ಮುನಿರತ್ನಮ್ಮ ಒಮ್ಮೆ ನನ್ನ ಕಡೆ ನೋಡಿದರು. ದೂರುವ ನೋಟವಲ್ಲ, ಹೇಳಬಹುದೋ ಬೇಡವೋ ಎಂದು ಅನುಮತಿ ಕೇಳುವಂಥ ನೋಟ. ಅದನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. "ಮಗಳ ಬಾಣಂತನಕ್ಕೆ ಗೌರಿಬಿದನೂರಲ್ಲಿ ಎರಡು ತಿಂಗಳಿದ್ದೆ ಸಾರ್. ಒಂದು ಮಾತ್ರೆನೂ ನುಂಗಿಲ್ಲ. ರಾತ್ರಿಯೆಲ್ಲ ಮಗು ಎತ್ಕೊಂಡು ಓಡಾಡ್ತಿದ್ದೆ, ಉಸಿರು ಕಟ್ಟಲಿಲ್ಲ. ವಾಪಸ್ ಬಂದು ಒಲೆ ಮುಂದೆ ಕೂತ ವಾರಕ್ಕೇ ಶುರುವಾಯ್ತು."

ರೇಷ್ಮೆ ಎಳೆಗೆ ಅಂಟಿರುವ ಸೆರಿಸಿನ್ ಎಂಬ ಅಂಟಿನ ಪ್ರೋಟೀನು ಕೆಲವರಲ್ಲಿ ಅಲರ್ಜಿ ಉಂಟುಮಾಡಿ ಆಸ್ತಮಾಕ್ಕೆ ಕಾರಣವಾಗಬಹುದೆಂದೂ, ಕೆಲಸದಲ್ಲಿದ್ದಾಗ ಹೆಚ್ಚಿ ದೂರವಿದ್ದಾಗ ತಗ್ಗುವುದೇ ವೃತ್ತಿಯಿಂದ ಬರುವ ಆಸ್ತಮಾದ ಮುಖ್ಯ ಸುಳಿವೆಂದೂ ಪ್ರಾಧ್ಯಾಪಕರು ನಮಗೆ ವಿವರಿಸಿದರು. ನಾನು ಅರ್ಧಕ್ಕೆ ತಡೆದ ಮಾತಿನಲ್ಲಿಯೇ ಆ ಸುಳಿವು ಇತ್ತು.

ಇನ್ಹೇಲರ್ ಬರೆದುಕೊಟ್ಟು, ಉಸಿರು ಎಷ್ಟು ಜೋರಾಗಿ ಹೊರಬರುತ್ತದೆಂದು ಊದಿ ಅಳೆಯುವ ಪೀಕ್ ಫ್ಲೋ ಮೀಟರ್ ಒಂದನ್ನು ಮನೆಗೆ ಕೊಟ್ಟು ಕಳಿಸಿದರು. ದಿನಕ್ಕೆ ನಾಲ್ಕು ಸಲ ಊದಬೇಕು, ಮಗ ಬರೆದಿಡಬೇಕು. ಒಲೆಯ ಮುಂದಿನಿಂದ ಆಕೆಯನ್ನು ಎಬ್ಬಿಸುವ ಬಗ್ಗೆ ಗಂಡನೊಂದಿಗೂ ಮಾತಾಡಿದರು, ಆದರೆ ಆಕೆಯ ಜಾಗಕ್ಕೆ ಕೂಲಿಯವರನ್ನಿಟ್ಟರೆ ಉಳಿಯುವುದೇನು ಎಂದು ಆತ ಕೇಳಿದ್ದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಮೂರು ವಾರದ ನಂತರ ಒಪಿಡಿಗೆ ಬಂದ ಆಕೆ, ಮಗನ ನೋಟ್‌ಬುಕ್ಕಿನಿಂದ ಹರಿದ ಹಾಳೆಯನ್ನು ಸೀದಾ ನನ್ನ ಕೈಗೇ ಕೊಟ್ಟರು. 210, 200, 220 ಎಂದು ಸಾಗಿದ ಅಂಕಿಗಳ ನಡುವೆ ನಾಲ್ಕು ದಿನ ಮಾತ್ರ ಏರುತ್ತಾ 310ರವರೆಗೆ ಹೋಗಿದ್ದವು.

"ಈ ನಾಲ್ಕು ದಿನ ಏನಾಯ್ತಮ್ಮ?"

"ಅದಾ, ಗೂಡಿಗೆ ರೇಟು ಜಾಸ್ತಿಯಾಗಿತ್ತು, ನಮ್ಮೆಜಮಾನರು ಮಾರ್ಕೆಟ್ಟಿಂದ ಬರಿಗೈಲಿ ಬಂದ್ರು. ಒಲೆ ಹಚ್ಚಲಿಲ್ಲ. ಅವತ್ತು ನಮ್ಮತ್ತೆ ಬೇರೆ..." ಎಂದವರು ತಡೆದು, ತಮ್ಮ ಹಿಂದಿನ ಸಾಲಿನತ್ತ ಕಣ್ಣು ಹಾಯಿಸಿದರು. ಹೊರಗೆ ಇನ್ನೂ ಹತ್ತಾರು ಜನ ಕಾಯುತ್ತಿದ್ದರು.

ನಾನು ಪೆನ್ನನ್ನು ಮೇಜಿನ ಮೇಲಿಟ್ಟು, ಸ್ಟೂಲನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.

"ನಿಮ್ಮತ್ತೆ?" ಎಂದೆ.