ಕಿಡ್ನಿ ಕುಂದಿದವರಿಗೆ ಔಷಧದ ಪ್ರಮಾಣ: ವಾರ್ಡುಗಳಿಗಾಗಿ ಫಾರ್ಮಸಿಯ ಪಟ್ಟಿ

ಡ್ಯೂಟಿ ಡಾಕ್ಟರುಗಳಿಗೆ ಮತ್ತು ಸಿಸ್ಟರ್‌ಗಳಿಗೆ,

ಕಳೆದ ಆಟಿಯಲ್ಲಿ ಉಡುಪಿ ಕಡೆಯ ಅಜ್ಜಿಯೊಬ್ಬರು ನಮ್ಮ ವಾರ್ಡಿನಲ್ಲಿದ್ದರು. ವಯಸ್ಸು 68, ತೂಕ 45 ಕಿಲೋ, ಕ್ರಿಯಾಟಿನಿನ್ 1.4. ಕಾಲುರಿಗೆಂದು ಗಬಾಪೆಂಟಿನ್ 300 ಮಿ.ಗ್ರಾಂ ದಿನಕ್ಕೆ ಮೂರು ಸಲ ಹೋಗುತ್ತಿತ್ತು. ನಾಲ್ಕನೇ ದಿನ ಬೆಳಿಗ್ಗೆ ಮಗಳು ಗಂಜಿ ಬಟ್ಟಲು ಹಿಡಿದು ಎಷ್ಟು ಕರೆದರೂ ಅಜ್ಜಿ ಕಣ್ಣು ತೆರೆಯಲಿಲ್ಲ. ಲಕ್ವ ಹೊಡೆದಿದೆ ಎಂದೇ ಎಲ್ಲರೂ ಹೆದರಿದರು. ಗಬಾಪೆಂಟಿನ್ ನಿಲ್ಲಿಸಿದ ಮೂರನೇ ದಿನ ಅವರು ಎದ್ದು ಕೂತರು. ಆ ಔಷಧ ಕೊಟ್ಟವಳು ನಾನು. ಸರಿಯಾದ ಪ್ರಮಾಣ ನಮ್ಮಲ್ಲೇ ಬರೆದಿಟ್ಟಿತ್ತು, ಕಪಾಟಿನ ಬಾಗಿಲ ಒಳಗೆ ಅಂಟಿಸಿದ ಚೀಟಿಯಲ್ಲಿ. ಆ ಹೊತ್ತಿಗೆ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಹಾಗಾಗಿ ಚೀಟಿಗಳು, ಎರಡು ಹಳೇ ಡೈರಿ, ಜೆರಾಕ್ಸ್ ಹಾಳೆಗಳು, ಮೊಬೈಲಿನಲ್ಲಿದ್ದ ಫೋಟೋಗಳು ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಪ್ರತಿ ಸಾಲನ್ನೂ ಔಷಧದ ಈಗಿನ ಲೇಬಲ್ ಜೊತೆ ತಾಳೆ ನೋಡಿ ಈ ಪಟ್ಟಿ ಮಾಡಿದ್ದೇನೆ.

ಚೀಟಿಗಳ ದೊಡ್ಡ ತೊಡಕು ಅಳತೆಯದ್ದು. ಒಂದರಲ್ಲಿ ಬರೀ ಕ್ರಿಯಾಟಿನಿನ್, ಇನ್ನೊಂದರಲ್ಲಿ ಇಜಿಎಫ್‌ಆರ್, ಮತ್ತೊಂದರಲ್ಲಿ ಕ್ಲಿಯರೆನ್ಸ್. ಇವು ಒಂದೇ ಅಲ್ಲ. ಈ ಪಟ್ಟಿಗೆ ಕ್ಲಿಯರೆನ್ಸನ್ನು ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಿಂದ ಲೆಕ್ಕ ಹಾಕಿ:

```
CrCl = (140 - age) × weight / (72 × SCr)
female: × 0.85
```

ತೂಕ ಕಿಲೋದಲ್ಲಿ, ಕ್ರಿಯಾಟಿನಿನ್ ಮಿ.ಗ್ರಾಂ/ಡೆಸಿಲೀಟರಿನಲ್ಲಿ. ಅದೇ ಅಜ್ಜಿಗೆ: 72 × 45 = 3240, ಅದನ್ನು 100.8ರಿಂದ ಭಾಗಿಸಿದರೆ 32, ಹೆಂಗಸಾದ್ದರಿಂದ 0.85ರಿಂದ ಗುಣಿಸಿದರೆ 27. ಲ್ಯಾಬಿನ ಇಜಿಎಫ್‌ಆರ್ 41 ಇತ್ತು. ಅದು ದೊಡ್ಡ ಮೈಯಳತೆಗೆ ಹೊಂದಿಸಿದ ಅಂಕಿ, ನಮ್ಮ ಸಣ್ಣ ಮೈಯ ಅಜ್ಜಿಯಂದಿರಲ್ಲಿ ಕಿಡ್ನಿಯನ್ನು ಇದ್ದದ್ದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಆದ್ದರಿಂದ ಕೇಸ್ ಶೀಟಿನಲ್ಲಿ ತೂಕ ಇರಲೇಬೇಕು. ಅಂದಾಜು ಬೇಡ, ತೂಗಿ ಬರೆಯಿರಿ. ಮೈ ಊದಿಕೊಂಡಿದ್ದರೆ ಊತಕ್ಕೆ ಮೊದಲಿನ ತೂಕ ಕೇಳಿ.

| ಔಷಧ | ಪೂರ್ತಿ ಪ್ರಮಾಣ | ಕ್ಲಿಯರೆನ್ಸ್ ಕಡಿಮೆಯಾದಾಗ (ಮಿ.ಲೀ./ನಿಮಿಷ) |
|---|---|---|
| ಗಬಾಪೆಂಟಿನ್ | ದಿನಕ್ಕೆ 900–3600 ಮಿ.ಗ್ರಾಂ, ಮೂರು ಭಾಗ | 30–59: ದಿನಕ್ಕೆ 400–1400, ಎರಡು ಭಾಗ. 15–29: 200–700, ಒಂದೇ ಸಲ |
| ಮೆರೋಪೆನೆಮ್ | 1 ಗ್ರಾಂ, 8 ಗಂಟೆಗೊಮ್ಮೆ | 26–50: 1 ಗ್ರಾಂ, 12 ಗಂಟೆಗೊಮ್ಮೆ. 10–25: 500 ಮಿ.ಗ್ರಾಂ, 12 ಗಂಟೆಗೊಮ್ಮೆ. 10ಕ್ಕಿಂತ ಕೆಳಗೆ: 500 ಮಿ.ಗ್ರಾಂ, 24 ಗಂಟೆಗೊಮ್ಮೆ |
| ಲಿವೊಫ್ಲಾಕ್ಸಾಸಿನ್ | 750 ಮಿ.ಗ್ರಾಂ, 24 ಗಂಟೆಗೊಮ್ಮೆ | 20–49: 750, 48 ಗಂಟೆಗೊಮ್ಮೆ. 10–19: ಮೊದಲು 750, ಆಮೇಲೆ 500, 48 ಗಂಟೆಗೊಮ್ಮೆ |
| ಅಮಾಕ್ಸಿಸಿಲಿನ್-ಕ್ಲಾವುಲನೇಟ್ 625 ಮಾತ್ರೆ | 8 ಗಂಟೆಗೊಮ್ಮೆ | 10–30: 12 ಗಂಟೆಗೊಮ್ಮೆ. 10ಕ್ಕಿಂತ ಕೆಳಗೆ: 24 ಗಂಟೆಗೊಮ್ಮೆ. 30ಕ್ಕಿಂತ ಕೆಳಗೆ 1 ಗ್ರಾಂ ಮಾತ್ರೆ ಕೊಡಬೇಡಿ |
| ಎನೊಕ್ಸಾಪರಿನ್, ಚಿಕಿತ್ಸೆಗೆ | ಕಿಲೋಗೆ 1 ಮಿ.ಗ್ರಾಂ, 12 ಗಂಟೆಗೊಮ್ಮೆ | 30ಕ್ಕಿಂತ ಕೆಳಗೆ: ಅದೇ ಪ್ರಮಾಣ, 24 ಗಂಟೆಗೊಮ್ಮೆ |
| ಎನೊಕ್ಸಾಪರಿನ್, ತಡೆಗೆ | 40 ಮಿ.ಗ್ರಾಂ, ದಿನಕ್ಕೊಮ್ಮೆ | 30ಕ್ಕಿಂತ ಕೆಳಗೆ: 20 ಮಿ.ಗ್ರಾಂ, ದಿನಕ್ಕೊಮ್ಮೆ |
| ಟ್ರಮಡಾಲ್ | 50–100 ಮಿ.ಗ್ರಾಂ, 6 ಗಂಟೆಗೊಮ್ಮೆ | 30ಕ್ಕಿಂತ ಕೆಳಗೆ: 12 ಗಂಟೆಗೊಮ್ಮೆ, ದಿನಕ್ಕೆ 200 ಮೀರಬಾರದು |
| ಮೆಟ್‌ಫಾರ್ಮಿನ್ (ಇಜಿಎಫ್‌ಆರ್ ನೋಡಿ) | ದಿನಕ್ಕೆ 2000 ಮಿ.ಗ್ರಾಂವರೆಗೆ | 30–44: ಹೊಸದಾಗಿ ಶುರು ಬೇಡ, ಮೊದಲೇ ಇದ್ದರೆ 1000 ಮೀರಬಾರದು. 30ಕ್ಕಿಂತ ಕೆಳಗೆ: ನಿಲ್ಲಿಸಿ |
| ಸಿಟಾಗ್ಲಿಪ್ಟಿನ್ (ಇಜಿಎಫ್‌ಆರ್ ನೋಡಿ) | 100 ಮಿ.ಗ್ರಾಂ | 30–44: 50. 30ಕ್ಕಿಂತ ಕೆಳಗೆ: 25 |
| ಸೆಫ್ಟ್ರಯಾಕ್ಸೋನ್, ಡಾಕ್ಸಿಸೈಕ್ಲಿನ್, ಲಿನಾಗ್ಲಿಪ್ಟಿನ್ | ಎಂದಿನಂತೆ | ಕಿಡ್ನಿಗಾಗಿ ಬದಲಾವಣೆ ಬೇಡ |

ಎಲ್ಲ ಔಷಧಕ್ಕೂ 50, 30, 10 ಎಂದು ಒಂದೇ ಗೆರೆ ಎಳೆಯಲು ಮೊದಲು ನೋಡಿದೆ. ಪಟ್ಟಿ ಚಂದ ಕಾಣುತ್ತಿತ್ತು, ಆದರೆ ಮೆರೋಪೆನೆಮ್‌ನ 26ನ್ನೂ ಲಿವೊಫ್ಲಾಕ್ಸಾಸಿನ್‌ನ 20ನ್ನೂ ತಿರುಚಬೇಕಾಗುತ್ತಿತ್ತು. ಅದಕ್ಕೇ ಒಂದೊಂದಕ್ಕೂ ಅದರದ್ದೇ ಗೆರೆ ಬಿಟ್ಟಿದ್ದೇನೆ.

ಎರಡು ಕಡೆ ಚೀಟಿಗಳೇ ಜಗಳವಾಡುತ್ತಿದ್ದವು. ತಡೆಗೆ ಕೊಡುವ ಎನೊಕ್ಸಾಪರಿನ್ ಒಂದರಲ್ಲಿ 30, ಇನ್ನೊಂದರಲ್ಲಿ 20. ಮೊದಲನೆಯದು ಅಮೆರಿಕದ ಲೇಬಲ್, ಎರಡನೆಯದು ಯುರೋಪಿನದು. ನಮ್ಮ ಫ್ರಿಜ್‌ನಲ್ಲಿರುವುದು 20ರ ಸಿರಿಂಜ್, ಅರ್ಧ ಚೆಲ್ಲಿ ಅಳೆಯುವ ರಗಳೆ ಬೇಡವೆಂದು 20 ಇಟ್ಟಿದ್ದೇನೆ. ಮೆಟ್‌ಫಾರ್ಮಿನ್ ಚೀಟಿಯಲ್ಲಿ "ಗಂಡಸಿಗೆ 1.5, ಹೆಂಗಸಿಗೆ 1.4 ದಾಟಿದರೆ ನಿಲ್ಲಿಸಿ" ಎಂದಿತ್ತು. ಕ್ರಿಯಾಟಿನಿನ್ ನೋಡಿ ನಿಲ್ಲಿಸುವ ಆ ನಿಯಮವನ್ನು 2016ರಲ್ಲಿ ಅಮೆರಿಕದ ಎಫ್‌ಡಿಎ ಬದಲಿಸಿತು. ಆ ಚೀಟಿ ಹರಿದು ಹಾಕಿದ್ದೇನೆ.

ಮಳೆಗಾಲದ ಇಲಿಜ್ವರದವರ ಬಗ್ಗೆ ಬೇರೆಯೇ ಹೇಳಬೇಕು. ಗದ್ದೆಯಿಂದ ನೇರ ಬಂದವರಿಗೆ ಕ್ರಿಯಾಟಿನಿನ್ ಇವತ್ತು 2, ನಾಳೆ 4 ಆಗಬಹುದು. ಏರುತ್ತಿರುವಾಗ ಈ ಸೂತ್ರ ಸುಳ್ಳು ಹೇಳುತ್ತದೆ, ನಿಜವಾದ ಕ್ಲಿಯರೆನ್ಸ್ ಲೆಕ್ಕಕ್ಕಿಂತ ಬಹಳ ಕೆಳಗಿರುತ್ತದೆ. ಮೂತ್ರ ಎಷ್ಟು ಹೋಗುತ್ತಿದೆ ನೋಡಿ, ದಿನಾ ಕ್ರಿಯಾಟಿನಿನ್ ಕಳಿಸಿ. ಈ ಜ್ವರಕ್ಕೆ ಹೆಚ್ಚಾಗಿ ಕೊಡುವ ಸೆಫ್ಟ್ರಯಾಕ್ಸೋನ್, ಡಾಕ್ಸಿಸೈಕ್ಲಿನ್ ಎರಡಕ್ಕೂ ಪ್ರಮಾಣ ಇಳಿಸಬೇಕಿಲ್ಲ, ಹೆದರಿ ಅರ್ಧ ಕೊಡಬೇಡಿ. ಯಾವ ಆಂಟಿಬಯಾಟಿಕ್ ಆದರೂ ಮೊದಲ ಡೋಸ್ ಪೂರ್ತಿಯೇ ಹೋಗಲಿ. ಮೈಕೈ ನೋವೆಂದು ಡೈಕ್ಲೊಫೆನಾಕ್ ಮಾತ್ರ ಇವರಿಗೆ ಬೇಡವೇ ಬೇಡ.

ಜೆಂಟಾಮೈಸಿನ್, ವ್ಯಾಂಕೊಮೈಸಿನ್ ಬೇಕೆಂದೇ ಸೇರಿಸಿಲ್ಲ. ಅವಕ್ಕೆ ರಕ್ತದಲ್ಲಿನ ಮಟ್ಟ ನೋಡಬೇಕು. ಡಯಾಲಿಸಿಸ್‌ನವರಿಗೂ ಈ ಪಟ್ಟಿ ಸಾಲದು, ಡೋಸ್ ಡಯಾಲಿಸಿಸ್‌ಗೆ ಮೊದಲೋ ಆಮೇಲೋ ಎಂಬುದು ಅಲ್ಲಿ ಮುಖ್ಯ. ಇಂಥವರಿದ್ದರೆ ರಾತ್ರಿಯಾದರೂ ಫಾರ್ಮಸಿಗೆ ಫೋನ್ ಮಾಡಿ.

ಪಟ್ಟಿಯ ಒಂದು ಪ್ರತಿ ಪ್ರತಿ ನರ್ಸಿಂಗ್ ಸ್ಟೇಷನ್ನಿನ ಔಷಧದ ಟ್ರಾಲಿ ಮೇಲಿದೆ. ಹಳೇ ಚೀಟಿ ಎಲ್ಲಾದರೂ ಉಳಿದಿದ್ದರೆ ಕಿತ್ತು ನನಗೆ ತಂದುಕೊಡಿ.

ಫಾರ್ಮಸಿ ವಿಭಾಗ