ಮೂರು ಆಡು, ಪಾಲಿನ ಎಮ್ಮೆ

ಗಂಡ ಹೋದ ವರ್ಷವೇ ನೀಲವ್ವನ ಕೊಟ್ಟಿಗೆಯೂ ಬರಿದಾಯಿತು. 2022ರಲ್ಲಿ ಹಾವೇರಿ ಸೀಮೆಗೆ ಚರ್ಮಗಂಟು ರೋಗ ಬಂದಿತ್ತಲ್ಲ, ಆಗ ಒಂದು ಎತ್ತು, ಒಂದು ಆಕಳು ಸತ್ತವು. ಉಳಿದ ಒಂಟಿ ಎತ್ತನ್ನು ಸಾಲದವನು ಬಿಚ್ಚಿಕೊಂಡು ಹೋದ. ಪರಿಹಾರದ ದುಡ್ಡು ಬಂತು, ಸೊಸೈಟಿ ಬಾಕಿಗೆ ಹೋಯಿತು.

ಮತ್ತೆ ಆಕಳು ಕಟ್ಟುವ ಧೈರ್ಯ ಅವಳಿಗಿರಲಿಲ್ಲ. ಬೆಂಡೋಲೆ ಒತ್ತೆ ಇಟ್ಟು ಮೂರು ಹೆಣ್ಣಾಡು ತಂದಳು. ಅದರಲ್ಲಿ ಎರಡು ಗಬ್ಬ. ಆಡು ಐದು ತಿಂಗಳಿಗೆ ಈಯುತ್ತದೆ, ಅದೂ ಎಷ್ಟೋ ಸಲ ಅವಳಿ. ಹೋತಮರಿ ಮಾರಿದರೆ ಕೈಯಲ್ಲಿ ದುಡ್ಡು. ಆದರೆ ಮನೆಗೆ ಹಾಲು, ಹೊಲಕ್ಕೆ ಗೊಬ್ಬರ ಬೇಕಲ್ವಾ? ಪಕ್ಕದ ಓಣಿಯ ಫಕೀರವ್ವನ ಎಮ್ಮೆ ಎರಡು ವರ್ಷದಿಂದ ಗಬ್ಬ ನಿಂತಿರಲಿಲ್ಲ. ಗೊಡ್ಡು ಬಿತ್ತು, ಕಟುಕರಿಗೆ ಕೊಡೋಣ ಎಂದು ಮಗ ಮಂಜ ಹಟ ಹಿಡಿದಿದ್ದ.

“ಯಕ್ಕಾ, ನನಗ ಪಾಲಿಗೆ ಕೊಡ ನೋಡು,” ಎಂದಳು ನೀಲವ್ವ.

ಮಾತು ಹೀಗಾಯಿತು: ಮೇವು ನೀಲವ್ವನದು, ಹಾಲು ಸಗಣಿ ಅವಳದೇ. ಮೊದಲ ಕರು ಫಕೀರವ್ವನಿಗೆ, ಎರಡನೆಯದು ನೀಲವ್ವನಿಗೆ. ಕಾಗದ ಗೀಗದ ಏನಿಲ್ಲ. ಫಕೀರವ್ವ ಅಂಗೈಗೆ ಅಂಗೈ ತಟ್ಟಿದಳು, ಅಷ್ಟೇ.

ಎಮ್ಮೆಗಳ ಬೆದೆ ಬಹಳ ಸಲ ಮೂಕ. ಆಕಳಿನಂತೆ ಕೂಗಿ ಊರು ಎಬ್ಬಿಸುವುದಿಲ್ಲ, ತೋರಿಸುವುದೂ ಚಳಿಗಾಲದ ರಾತ್ರಿಯಲ್ಲೇ ಜಾಸ್ತಿ. ಮಂಜ ಹಗಲು ಮಾತ್ರ ನೋಡಿದ್ದ. ನೀಲವ್ವ ಕೊಟ್ಟಿಗೆಯಲ್ಲೇ ಗೋಣಿಚೀಲ ಹಾಸಿಕೊಂಡು ಮಲಗಿದಳು. ಸಂಕ್ರಾಂತಿ ಮುಗಿದ ಮೇಲೆ ಒಂದು ರಾತ್ರಿ ಎಮ್ಮೆ ಮೇವು ಮುಟ್ಟಲಿಲ್ಲ. ಪದೇ ಪದೇ ಉಚ್ಚೆ ಹೊಯ್ದಿತು. ಬಾಲ ಎತ್ತಿ ಟಾರ್ಚ್ ಬಿಟ್ಟಳು. ಗಾಜಿನಂತೆ ತಿಳಿಯಾದ ಲೋಳೆ ನೂಲಾಗಿ ಇಳಿಯುತ್ತಿತ್ತು. ಬೆಳಗಾಗುತ್ತಲೇ ದವಾಖಾನೆಗೆ ಹೊಡೆದುಕೊಂಡು ಹೋಗಿ ಇಂಜೆಕ್ಷನ್ ಕೊಡಿಸಿದಳು. ಮೂರು ತಿಂಗಳ ಮೇಲೆ ಡಾಕ್ಟರ್ ಕೈ ಹಾಕಿ ನೋಡಿ, ಗಬ್ಬ ಎಂದರು.

ಆ ವರ್ಷ, 2023ರಲ್ಲಿ, ಮಳೆ ಕೈಕೊಟ್ಟಿತು. ಕಣಿಕೆಯ ರೇಟು ಕೇಳಿದರೆ ಎದೆ ಧಸಕ್ ಅನ್ನುತ್ತಿತ್ತು. ಗಬ್ಬದ ಎಮ್ಮೆಗೆ ಹೊಟ್ಟೆ ಕಟ್ಟುವಂತಿಲ್ಲ. ನೀಲವ್ವ ಹೋತಮರಿ ಒಂದೊಂದೇ ಮಾರಿ ಮೇವು ತಂದಳು. ಆಡುಗಳು ಬೇಲಿಯ ಜಾಲಿ ಸೊಪ್ಪು ತಿಂದುಕೊಂಡೇ ಎಮ್ಮೆಯನ್ನು ಸಾಕಿದವು ಅನ್ನಬೇಕು. ತಂದ ಪ್ರತಿ ಹೊರೆಗೂ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆದಳು. ಹೆಣ್ಣುಮರಿ ಮಾತ್ರ ಒಂದನ್ನೂ ಮಾರಲಿಲ್ಲ.

ಕಾರ್ತಿಕದಲ್ಲಿ ಎಮ್ಮೆ ಈಯಿತು. ಹೆಣ್ಣುಗರು. ಗಿಣ್ಣ ಓಣಿಗೆಲ್ಲ ಹಂಚಿದ್ದೇ ತಡ, ಮಂಜ ಬಂದು ನಿಂತ.

“ಚಿಗವ್ವಾ, ಎಮ್ಮಿ ಒಯ್ತೀನಿ.”

“ಒಯ್ಯಪಾ. ಗ್ವಾಡಿ ಮ್ಯಾಲಿನ ಗೆರಿ ಎಣಿಸು, ಮೇವಿನ ರೊಕ್ಕ ಇಡು.”

ಅವನು ಎಣಿಸತೊಡಗಿದ. ನಡುವೆ ತಪ್ಪಿ ಮತ್ತೆ ಶುರು ಮಾಡಿದ. ಅಷ್ಟರಲ್ಲಿ ಫಕೀರವ್ವ ಕೋಲೂರಿಕೊಂಡು ಬಂದಳು. ಮಗನಿಗೆ ನಾಲ್ಕು ಬೈದಳು, ಆದರೆ ಅವಳಿಗೂ ಎಮ್ಮೆಯ ಕೆಚ್ಚಲಿನ ಮೇಲೆ ಕಣ್ಣಿತ್ತು. ಸುಳ್ಳೇಕೆ. ಕೊನೆಗೆ ಅವಳೇ ನ್ಯಾಯ ಹೇಳಿದಳು: “ಮಾತು ಸ್ವಲ್ಪ ಹೊಳ್ಳಸೂಣು. ಈ ಕರ ನೀಲವ್ವಗ, ಎಮ್ಮಿ ನಮಗ. ಕರ ಹಾಲು ಬಿಡೂತನಕ ಎಮ್ಮಿ ಇಲ್ಲೇ ಇರಲಿ.”

ನೀಲವ್ವ ತಕ್ಷಣ ಹೂಂ ಅಂದಳು. ಡೈರಿಗೆ ಹಾಲು ಹಾಕಿ ಬೆಂಡೋಲೆ ಬಿಡಿಸಿಕೊಂಡಳು.

ಮರುವರ್ಷ ಜೂನ್‌ನಲ್ಲಿ ಮಂಜ ಟೆಂಪೋ ತಂದ. ಕರು ಹುಲ್ಲಿಗೆ ಬಾಯಿ ಹಚ್ಚಿತ್ತು. ಆಡು, ಮರಿ ಸೇರಿ ಹನ್ನೊಂದಾಗಿದ್ದವು. ನೀಲವ್ವ ತಾನೇ ಹಗ್ಗ ಬಿಚ್ಚಿ ಕೊಟ್ಟಳು.

“ಸಾವಕಾಶ ಹತ್ತಸು. ಮೂರು ತಿಂಗಳ ಗಬ್ಬ ಐತಿ. ಶಿವರಾತ್ರಿ ಆದ ವಾರ ಇಂಜೆಕ್ಷನ್ ಕೊಡಸೇನಿ.”

ಮಂಜನ ಮುಖ ಅರಳಿತು. ಗಬ್ಬದ ಎಮ್ಮೆಯ ಬೆಲೆ ಅವನಿಗೆ ಗೊತ್ತಿಲ್ಲವೇ?

“ಈಗ ನೀನ ಹೇಳು, ಎರಡನೇ ಕರ ಯಾರದಂತ ಮಾತಾಗಿತ್ತು?”

“ಅದನ್ನ ಹೊಳ್ಳಸಿದ್ವಿ ಅಲ್ಲ ಚಿಗವ್ವಾ...”

“ಹೊಳ್ಳಸಿದ್ದು ಈ ಕರದ ಮಾತು. ಹೊಟ್ಟ್ಯಾಗಿನ ಕರದ ಮಾತು ಯಾರೂ ಎತ್ತಿಲ್ಲ.”

ಟೆಂಪೋದ ಡ್ರೈವರ್ ನಕ್ಕುಬಿಟ್ಟ. ಸ್ವಲ್ಪ ಹೊತ್ತು ಜಗ್ಗಾಟ ನಡೆಯಿತು. ಕರುವಿನ ಬದಲಿಗೆ ನೂರು ಹೊರೆ ಕಣಿಕೆ ಕೊಡುವುದು ಎಂದು ತೀರ್ಮಾನವಾಯಿತು.

ಎರಡು ದಿನಕ್ಕೆ ಟ್ರ್ಯಾಕ್ಟರ್ ಬಂದು ಹೊರೆ ಇಳಿಸಿತು. ನೀಲವ್ವ ಎಣಿಸಿದಳು. ಎಂಬತ್ತಾರು. ಉಳಿದ ಹದಿನಾಲ್ಕು ಸಂಜೆಯೊಳಗೆ ಬರಬೇಕು ಎಂದು ಡ್ರೈವರ್ ಕೈಲೇ ಹೇಳಿ ಕಳಿಸಿದಳು.