ಅಂಗಡಿಯ ಹೆಸರಿನಲ್ಲಿ ಒಂದೇ ಬಿಸಿನೆಸ್ ಖಾತೆ, ಕೆಲಸಗಾರರಿಗೆ ಆರು ಸಿಮ್: ಕೋರಿಕೆ

ದಾವಣಗೆರೆ
12 ನವೆಂಬರ್ 2025

ಗೆ,
ಮ್ಯಾನೇಜರ್ ಅವರು,
ಬಿಸಿನೆಸ್ ಕನೆಕ್ಷನ್ ವಿಭಾಗ,
ದಾವಣಗೆರೆ ಶಾಖೆ

ಮಾನ್ಯರೇ,

ಪಿ.ಬಿ. ರಸ್ತೆಯಲ್ಲಿ ನನ್ನದೊಂದು ಪಂಪ್‌ಸೆಟ್ ಅಂಗಡಿ ಇದೆ. ಮೋಟರ್, ಪೈಪು, ಸ್ಟಾರ್ಟರ್, ಕೇಬಲ್ ಮಾರುತ್ತೇವೆ. ಸುಟ್ಟ ಮೋಟರ್‌ಗೆ ವೈಂಡಿಂಗ್ ಕೂಡ ಮಾಡುತ್ತೇವೆ. ನಾನಲ್ಲದೆ ಆರು ಜನ ಕೆಲಸ ಮಾಡುತ್ತಾರೆ. ಆ ಆರು ಜನಕ್ಕೂ ಅಂಗಡಿಯ ಹೆಸರಿನಲ್ಲೇ ಒಂದು ಖಾತೆ ಮಾಡಿ, ಪೋಸ್ಟ್‌ಪೇಯ್ಡ್ ಸಿಮ್ ಕೊಡಬೇಕೆಂದು ಕೇಳಿಕೊಳ್ಳಲು ಈ ಪತ್ರ.

ಯಾಕೆ ಬೇಕು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಗಿರಾಕಿಗಳೆಲ್ಲ ಮಾಯಕೊಂಡ, ಆನಗೋಡು, ಜಗಳೂರು ಕಡೆಯ ರೈತರು. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂತೆಂದರೆ ಮೋಟರ್ ಸುಟ್ಟ ಸುದ್ದಿಯೂ ರಾತ್ರಿಯೇ ಬರುತ್ತದೆ. ಅವರು ಫೋನ್ ಮಾಡುವುದು ಅಂಗಡಿಗಲ್ಲ, ಹಿಂದಿನ ಸಲ ಬೋರ್‌ನಿಂದ ಮೋಟರ್ ಎತ್ತಿಕೊಟ್ಟ ಹುಡುಗನಿಗೆ. ಹೋದ ವರ್ಷ ಒಬ್ಬ ಮೆಕ್ಯಾನಿಕ್ ಕೆಲಸ ಬಿಟ್ಟ. ಅವನ ಜೊತೆ ಅವನ ನಂಬರೂ ಹೋಯಿತು, ಆ ನಂಬರ್ ಇಟ್ಟುಕೊಂಡಿದ್ದ ಮೂರು ಹಳ್ಳಿಯ ಗಿರಾಕಿಗಳೂ ಹೋದರು. ಹುಡುಗನ ತಪ್ಪೇನಿಲ್ಲ, ನಂಬರ್ ಅವನದೇ ಆಗಿತ್ತಲ್ವಾ.

ಅದಾದ ಮೇಲೆ ನಾನು ಮಾಡಿದ ಕೆಲಸ ಇನ್ನೂ ಕೆಟ್ಟದ್ದು. ಸಿಮ್ ಮಾರುವ ಒಬ್ಬರು "ಎಲ್ಲಾ ನಿಮ್ಮ ಆಧಾರ್‌ನಲ್ಲೇ ತಗೊಳ್ಳಿ ಸಾರ್, ಸುಮ್ನೆ ತಲೆನೋವು ಯಾಕೆ" ಅಂದರು. ತೆಗೆದುಕೊಂಡು ಹಂಚಿಬಿಟ್ಟೆ. ಮೊನ್ನೆ ಮಗಳು ಸಂಚಾರ್ ಸಾಥಿ ಪೋರ್ಟಲ್ ತೆಗೆದು ತೋರಿಸಿದಾಗ ನನ್ನ ಹೆಸರಿನಲ್ಲಿ ಏಳು ನಂಬರ್ ಇದ್ದವು. ಒಬ್ಬರ ಹೆಸರಿನಲ್ಲಿ ಒಂಬತ್ತರ ಮೇಲೆ ಇರುವಂತಿಲ್ಲ. ಲೆಕ್ಕ ಒಂಬತ್ತರ ಒಳಗೇ ಇದೆ, ಸರಿ. ಆದರೆ ಏಳರಲ್ಲಿ ಒಂದು ಸಿಮ್ ಈಗ ಯಾರ ಜೇಬಿನಲ್ಲಿದೆ ಅಂತ ನನಗೇ ಗೊತ್ತಿರಲಿಲ್ಲ. ನಾಳೆ ಆ ನಂಬರಿನಿಂದ ಏನಾದರೂ ಆದರೆ ಪೊಲೀಸರು ಬರುವುದು ನನ್ನ ಬಾಗಿಲಿಗೆ. ಅದನ್ನು "ನನ್ನ ನಂಬರ್ ಅಲ್ಲ" ಅಂತ ಪೋರ್ಟಲ್‌ನಲ್ಲಿ ಹಾಕುವ ಹಾಗೂ ಇಲ್ಲ, ಕೊಡಿಸಿದವನು ನಾನೇ. ಆ ಕಂಪನಿಗೇ ಬರೆದುಕೊಟ್ಟು ನಿಲ್ಲಿಸಿದ್ದೇನೆ. ಉಳಿದವನ್ನೂ, ನಿಮ್ಮ ಸಿಮ್ ಚಾಲೂ ಆದ ಮೇಲೆ, ನನ್ನ ಸ್ವಂತದ್ದೊಂದು ಬಿಟ್ಟು ನಿಲ್ಲಿಸುತ್ತೇನೆ.

2023ರಲ್ಲಿ ಬಲ್ಕ್ ಸಿಮ್ ಪದ್ಧತಿ ನಿಂತು ಬಿಸಿನೆಸ್ ಕನೆಕ್ಷನ್ ಬಂದಿರುವುದು ನನಗೆ ಗೊತ್ತು. ಖಾತೆ ಅಂಗಡಿಯದಾದರೂ ಸಿಮ್ ಬಳಸುವ ಪ್ರತಿಯೊಬ್ಬರ ಕೆವೈಸಿ ಬೇರೆ ಬೇರೆ ಆಗಬೇಕು, ಆಗುವವರೆಗೆ ಸಿಮ್ ಚಾಲೂ ಆಗುವುದಿಲ್ಲ ಅನ್ನುವುದೂ ಗೊತ್ತು. ನನಗೂ ಬೇಕಾಗಿರುವುದು ಅದೇ. ಎಲ್ಲರಿಗೂ ಹೇಳಿದ್ದೇನೆ, ಒಪ್ಪಿದ್ದಾರೆ.

ಸಿಮ್ ಯಾರಿಗೆ ಅಂದರೆ: ಕೌಂಟರ್ ನೋಡುವ ಕವಿತಾ, ಊರೂರಿಗೆ ಹೋಗುವ ಮೆಕ್ಯಾನಿಕ್‌ಗಳು ಹಾಲೇಶ ಮತ್ತು ಇರ್ಫಾನ್, ಗೋಡೌನ್ ನೋಡುವ ನಾಗರಾಜ, ಲಗೇಜ್ ಆಟೋ ಓಡಿಸುವ ತಿಪ್ಪೇಸ್ವಾಮಿ, ವೈಂಡಿಂಗ್ ಮಾಡುವ ಶೇಖಪ್ಪ ಮೇಸ್ತ್ರಿ. ಮೆಕ್ಯಾನಿಕ್‌ಗಳಿಗೆ ಡೇಟಾ ಜಾಸ್ತಿ ಬೇಕು. ಹೊಲದಲ್ಲಿ ನಿಂತು ಮೋಟರ್‌ನ ನೇಮ್ ಪ್ಲೇಟ್ ಫೋಟೋ ಕಳಿಸಿದರೆ ಇಲ್ಲಿಂದ ಸರಿಯಾದ ಸಾಮಾನು ಕೊಟ್ಟು ಕಳಿಸುತ್ತೇವೆ. ಇಲ್ಲವಾದರೆ ಒಂದು ಬುಷ್‌ಗಾಗಿ ಎರಡು ಸಲ ಜಗಳೂರಿಗೆ ಹೋಗಿಬರಬೇಕು. ಕವಿತಾಗೆ, ತಿಪ್ಪೇಸ್ವಾಮಿಗೆ, ನಾಗರಾಜನಿಗೆ ಸಾಧಾರಣ ಪ್ಲಾನ್ ಸಾಕು. ಮೇಸ್ತ್ರಿ ಇಟ್ಟಿರುವುದು ಬಟನ್ ಫೋನ್. ಅವರಿಗೆ ಮಾತಿಗೆ ಮಾತ್ರ ಇರುವ, ಎಲ್ಲಕ್ಕಿಂತ ಕಡಿಮೆ ಬೆಲೆಯ ಪ್ಲಾನ್ ಹಾಕಿ. ಆರಕ್ಕೆ ಆರೂ ಒಂದೇ ಪ್ಲಾನ್ ಇರಬೇಕು ಅಂತ ದಯವಿಟ್ಟು ಹೇಳಬೇಡಿ.

ಮೇಸ್ತ್ರಿಯದ್ದು ಇನ್ನೊಂದು ತೊಂದರೆ ಇದೆ. ಮೂವತ್ತು ವರ್ಷ ತಾಮ್ರದ ತಂತಿ ಎಳೆದು, ವಾರ್ನಿಷ್‌ನಲ್ಲಿ ಕೈ ಅದ್ದಿ ಅವರ ಬೆರಳಿನ ಗೆರೆಯೇ ಸವೆದುಹೋಗಿದೆ. ರೇಷನ್ ಅಂಗಡಿಯಲ್ಲೂ ಹೆಬ್ಬೆರಳು ಇಟ್ಟು, ಒರೆಸಿ, ಮತ್ತೆ ಇಟ್ಟು, ಕೊನೆಗೆ ಹೆಂಡತಿಯನ್ನು ಕಳಿಸುತ್ತಾರೆ. ಆದ್ದರಿಂದ ಅವರ ಕೆವೈಸಿಯನ್ನು ಬೆರಳಚ್ಚಿನ ಬದಲು ಮೂಲ ದಾಖಲೆ ನೋಡಿ, ಎದುರಿಗೇ ಫೋಟೋ ತೆಗೆಯುವ ವಿಧಾನದಲ್ಲಿ ಮಾಡಿಕೊಡಿ. ಬರುವವರಿಗೆ ಇದನ್ನು ಮೊದಲೇ ಹೇಳಿ ಕಳಿಸಿದರೆ ಒಳ್ಳೆಯದು. ವಯಸ್ಸಾದವರು, ನಾಲ್ಕು ಜನರ ಎದುರು ಮತ್ತೆ ಮತ್ತೆ ಬೆರಳು ಒತ್ತಿಸಿದರೆ ನಾಚಿಕೊಳ್ಳುತ್ತಾರೆ.

ಮುಖ್ಯವಾದದ್ದು ಇದು. ಕೆಲಸಗಾರ ಬಿಟ್ಟುಹೋದರೆ ನಂಬರ್ ಅಂಗಡಿಯ ಖಾತೆಯಲ್ಲೇ ಉಳಿಯಬೇಕು. ಹೊಸಬನ ಕೆವೈಸಿ ಆಗುವವರೆಗೆ ಅದನ್ನು ತಡೆಹಿಡಿದು, ಆಮೇಲೆ ಅವನಿಗೆ ಕೊಡುವಂತಿರಬೇಕು. ಆ ಬದಲಾವಣೆಗೆ ಏನು ಅರ್ಜಿ, ಎಷ್ಟು ದಿನ, ಎಷ್ಟು ಶುಲ್ಕ ಅಂತ ಈಗಲೇ ಬರೆದು ತಿಳಿಸಿ. ನನ್ನ ಒಪ್ಪಿಗೆ ಇಲ್ಲದೆ ಯಾವ ನಂಬರಿಗೂ ಡೂಪ್ಲಿಕೇಟ್ ಸಿಮ್ ಕೊಡಬಾರದು, ಬೇರೆ ಕಂಪನಿಗೆ ಪೋರ್ಟ್ ಕೂಡ ಮಾಡಬಾರದು.

ಫ್ಯಾನ್ಸಿ ನಂಬರ್ ಬೇಡ. ಆದರೆ ಬೇರೆಯವರು ಬಳಸಿ ಬಿಟ್ಟ ಹಳೆಯ ನಂಬರೂ ಬೇಡ. ಹೋದ ಸಲ ಬಂದ ಒಂದು ನಂಬರಿಗೆ ಯಾರದೋ ಸಾಲದ ಕಂತು ಕೇಳಿ ದಿನಾ ಫೋನ್ ಬರುತ್ತಿತ್ತು. ಐಎಸ್‌ಡಿ ಬಂದ್ ಇರಲಿ. ಕಾಲರ್ ಟ್ಯೂನ್ ತರಹದ್ದು ಯಾವುದೂ ತಾನಾಗಿ ಸೇರಿಕೊಳ್ಳಬಾರದು.

ಬಿಲ್ ಆರು ನಂಬರಿಗೂ ಸೇರಿ ಒಂದೇ ಇರಲಿ, ಒಳಗೆ ನಂಬರ್‌ವಾರು ಲೆಕ್ಕ ಇರಲಿ. ಅದರ ಮೇಲೆ 29ರಿಂದ ಶುರುವಾಗುವ ನಮ್ಮ ಜಿಎಸ್‌ಟಿ ನಂಬರ್ ತಪ್ಪಿಲ್ಲದೆ ಬರಬೇಕು. ನಾವು ಕಾಂಪೋಸಿಷನ್‌ನಲ್ಲಿ ಇಲ್ಲ. ಬಿಲ್ ಮೇಲಿನ 18 ಪರ್ಸೆಂಟ್ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಪಡೆಯುತ್ತೇವೆ. ಒಂದು ಅಂಕಿ ತಪ್ಪಿದರೂ ನಮ್ಮ ಆಡಿಟರ್ ನನ್ನನ್ನು ಬೈಯುತ್ತಾರೆ, ನಾನು ನಿಮ್ಮ ಹತ್ತಿರ ಬರುತ್ತೇನೆ. ಡೆಪಾಸಿಟ್ ಇದ್ದರೆ ಎಷ್ಟು, ವಾಪಸ್ ಯಾವಾಗ ಅಂತ ತಿಳಿಸಿ.

ಬೋರ್ಡಿನ ಮೇಲೆ ಬರೆಸಿರುವ ನನ್ನ ಸ್ವಂತ ನಂಬರನ್ನು ಈಗ ತರುವುದಿಲ್ಲ. ಬ್ಯಾಂಕಿನ ಓಟಿಪಿ, ಗಲ್ಲಾಪೆಟ್ಟಿಗೆ ಮೇಲಿನ ಕ್ಯೂಆರ್ ಕೋಡ್ ಎಲ್ಲಾ ಅದಕ್ಕೇ ಅಂಟಿಕೊಂಡಿವೆ. ಮೊದಲು ಈ ಆರು ಸಿಮ್ ನಡೆಯಲಿ. ಜಗಳೂರು ಕಡೆಯ ಹೊಲಗಳಲ್ಲಿ ಸಿಗ್ನಲ್ ಹೇಗಿದೆ ಅಂತ ಹಾಲೇಶ ಎರಡು ತಿಂಗಳು ನೋಡಲಿ. ನಿಮ್ಮ ಮ್ಯಾಪಿನಲ್ಲಿ ಎಲ್ಲಾ ಕಡೆ ಬಣ್ಣ ತುಂಬಿದೆ, ಆದರೆ ಬೋರ್‌ವೆಲ್ ಇರುವುದು ಊರ ಹೊರಗೆ. ಸರಿ ಬಂದರೆ ಆ ನಂಬರನ್ನೂ ಇದೇ ಖಾತೆಗೆ ಪೋರ್ಟ್ ಮಾಡಿಸುತ್ತೇನೆ.

ಜಿಎಸ್‌ಟಿ ನೋಂದಣಿ ಪತ್ರ, ನನ್ನ ಪ್ಯಾನ್, ಮಹಾನಗರ ಪಾಲಿಕೆಯ ಉದ್ಯಮ ಪರವಾನಗಿ, ಈ ತಿಂಗಳ ಕರೆಂಟ್ ಬಿಲ್ ಪ್ರತಿಗಳನ್ನು ಇದರ ಜೊತೆ ಇಟ್ಟಿದ್ದೇನೆ. ಕೆಲಸಗಾರರ ಆಧಾರ್ ಜೆರಾಕ್ಸ್ ಇಟ್ಟಿಲ್ಲ. ಅದನ್ನು ಅವರೇ ನಿಮ್ಮವರ ಎದುರಿಗೆ ತೋರಿಸಲಿ, ನನ್ನ ಡ್ರಾಯರಿನಲ್ಲಿ ಬೇಡ.

18ರ ಮಂಗಳವಾರ ಮಧ್ಯಾಹ್ನ 2ರಿಂದ 4ರ ಒಳಗೆ ನಿಮ್ಮವರೊಬ್ಬರನ್ನು ಅಂಗಡಿಗೆ ಕಳಿಸಿದರೆ ಆರು ಜನರೂ ಒಟ್ಟಿಗೆ ಸಿಗುತ್ತಾರೆ. ಆ ಹೊತ್ತಿಗೆ ಗಿರಾಕಿ ಕಡಿಮೆ. ಮೆಕ್ಯಾನಿಕ್‌ಗಳನ್ನೂ ಆವತ್ತು ಹಳ್ಳಿಗೆ ಕಳಿಸುವುದಿಲ್ಲ. ಬರಲು ಆಗದಿದ್ದರೆ ಸೋಮವಾರವೇ ತಿಳಿಸಿ, ಇಬ್ಬಿಬ್ಬರಂತೆ ನಿಮ್ಮ ಆಫೀಸಿಗೇ ಕಳಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಂಜುನಾಥ
ಮಾಲೀಕ, ಪಂಪ್‌ಸೆಟ್ ಅಂಗಡಿ
ಪಿ.ಬಿ. ರಸ್ತೆ, ದಾವಣಗೆರೆ